ದೊಡ್ಡಪ್ಪನ ತೋಟದ ಡಿಎಪಿ ಎಲ್ಲಿಗೆ ಹೋಯಿತು?

ಶಿರಸಿಯಿಂದ ಸಿದ್ದಾಪುರದ ಕಡೆಗೆ ಹೋಗುವಾಗ ರಸ್ತೆ ಬಿಟ್ಟು ಒಳಗೆ ಇಳಿದರೆ ನಮ್ಮ ದೊಡ್ಡಪ್ಪನ ತೋಟ ಸಿಗುತ್ತದೆ. ಎರಡು ಗುಡ್ಡದ ನಡುವಿನ ಕಣಿವೆ, ಮೇಲೆ ಸೊಪ್ಪಿನ ಬೆಟ್ಟ, ಕೆಳಗೆ ಅಡಿಕೆ. ಆರು ವರ್ಷದ ಹಿಂದೆ ಬೇಸಿಗೆಯಲ್ಲಿ ಅವರು ತೋಟಕ್ಕೆ ಹೊಸಮಣ್ಣು ಹಾಕಿಸಿದರು. ಗುಡ್ಡದ ದರೆ ಕಡಿದು ತಂದ ಕೆಂಪು ಮಣ್ಣನ್ನು ಮರದ ಬುಡಕ್ಕೆಲ್ಲ ಸುಮಾರು ಎರಡು ಅಂಗುಲ ದಪ್ಪಕ್ಕೆ ಹರಡಿಸಿದರು. ನಮ್ಮ ಕಡೆ ಕೆಲವು ವರ್ಷಕ್ಕೊಮ್ಮೆ ಎಲ್ಲರೂ ಮಾಡುವ ಕೆಲಸ ಅದು. ಮಳೆಗೆ ಬೇರು ತೇಲುತ್ತದೆ, ಅದನ್ನು ಮುಚ್ಚಬೇಕು. ಆ ವರ್ಷ ಕೊಟ್ಟಿಗೆ ಗೊಬ್ಬರ ಸಾಲಲಿಲ್ಲ, ಸೊಪ್ಪು ಕಡಿಯಲು ಆಳು ಸಿಗಲಿಲ್ಲ. ಹಾಗಾಗಿ ಬದಲಿಗೆ ರಂಜಕದ ಗೊಬ್ಬರವಾದ ಡಿಎಪಿಯನ್ನು ಮರಕ್ಕೆ ಇನ್ನೂರು ಗ್ರಾಂನಂತೆ ಎರಚಿಸಿದರು. ಮರುವರ್ಷವೂ ಅಷ್ಟೇ ಹಾಕಿದರು. ಶಿಫಾರಸಿನ ಎರಡು ಪಟ್ಟಿಗಿಂತ ಹೆಚ್ಚು.

ಎರಡನೆಯ ವರ್ಷದ ಕೊನೆಗೆ ನಾನು ಊರಿಗೆ ಹೋದಾಗ ಮೇಲ್ಮಣ್ಣಿನ ಮಾದರಿ ತೆಗೆದು ಪರೀಕ್ಷೆ ಮಾಡಿಸಿದೆ. ರಸಸಾರ, ಅಂದರೆ ಪಿಎಚ್, 4.9, ಚೆನ್ನಾಗಿಯೇ ಹುಳಿ. ಲಭ್ಯ ರಂಜಕದ ಎದುರಿಗೆ 'ಕಡಿಮೆ' ಎಂದು ಬರೆದಿತ್ತು. ದೊಡ್ಡಪ್ಪ ಕಾಗದವನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಕೇಳಿದರು: "ತಮಾ, ಎರಡು ವರ್ಷ ಹಾಕಿದ್ ಗೊಬ್ರ ಎಲ್ಲಿಗೆ ಹೋತು? ಮಳೆಲ್ಲಿ ತೊಳ್ದು ಹೋತಾ?"

"ಎಲ್ಲೂ ಹೋಯ್ದಿಲ್ಲೆ ದೊಡ್ಡಪ್ಪ, ಅಲ್ಲೇ ಇದ್ದು" ಎಂದೆ. ಅವರು ನಂಬಲಿಲ್ಲ. ನಂಬುವುದು ಕಷ್ಟವೇ. ಯೂರಿಯಾದ ಸಾರಜನಕ ನಮ್ಮ ಮಳೆಗೆ ನಿಜವಾಗಿಯೂ ತೊಳೆದು ಹೋಗುತ್ತದೆ. ಪೊಟ್ಯಾಷ್ ಕೂಡ ಒಂದಷ್ಟು ಹೋಗುತ್ತದೆ. ರಂಜಕದ ಕಥೆಯೇ ಬೇರೆ. ಅದು ಹಾಕಿದ ಜಾಗ ಬಿಟ್ಟು ಕದಲುವುದಿಲ್ಲ, ಆದರೆ ಬೇರಿಗೂ ಸಿಗುವುದಿಲ್ಲ. ಇದಕ್ಕೆ ಕೃಷಿ ವಿಜ್ಞಾನದಲ್ಲಿ ರಂಜಕ ಸ್ಥಿರೀಕರಣ ಎನ್ನುತ್ತಾರೆ. ಹಾಕಿದ ವರ್ಷ ಬೆಳೆ ಬಳಸಿಕೊಳ್ಳುವುದು ಸಾಮಾನ್ಯವಾಗಿ ಶೇಕಡಾ 10ರಿಂದ 25ರಷ್ಟನ್ನು ಮಾತ್ರ. ನಾನು ಬಹಳ ವರ್ಷ ಮಣ್ಣು ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವನು. ಈ ಒಂದು ಪ್ರಶ್ನೆಯನ್ನು ರೈತರು ಕೇಳಿದಷ್ಟು ಸಲ ಬೇರೆ ಯಾವುದನ್ನೂ ಕೇಳಿಲ್ಲ. ನಿಂತ ನಿಲುವಿನಲ್ಲಿ ಹೇಳಿ ಮುಗಿಸುವ ಉತ್ತರವೂ ಅದಕ್ಕಿಲ್ಲ. ಅದಕ್ಕೇ ಇಲ್ಲಿ ಸಾವಕಾಶವಾಗಿ ಬರೆಯುತ್ತಿದ್ದೇನೆ.

ಮೊದಲು ಒಂದು ಮರದ ಲೆಕ್ಕ ನೋಡೋಣ. ಫಲ ಕೊಡುವ ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬುದು ಶಿಫಾರಸು. ಗೊಬ್ಬರದ ಚೀಲದ ಮೇಲೆ ರಂಜಕವನ್ನು P₂O₅ ರೂಪದಲ್ಲಿ ಬರೆಯುವ ರೂಢಿ ಇರುವುದರಿಂದ, ಈ 40 ಗ್ರಾಂನಲ್ಲಿ ನಿಜವಾದ ರಂಜಕ ಸುಮಾರು ಹದಿನೇಳೂವರೆ ಗ್ರಾಂ. ಬುಡದಿಂದ ಸುತ್ತಲೂ ಮುಕ್ಕಾಲು ಮೀಟರ್ ದೂರದವರೆಗಿನ ವೃತ್ತ, ಇಪ್ಪತ್ತು ಸೆಂಟಿಮೀಟರ್ ಆಳ ಎಂದುಕೊಂಡರೆ ಅಲ್ಲಿರುವ ಮಣ್ಣು ನಾಲ್ಕು ಕ್ವಿಂಟಲ್‌ಗಿಂತ ಸ್ವಲ್ಪ ಹೆಚ್ಚು. ಹದವಾಗಿ ನೆನೆದಿರುವಾಗ ಆ ಮಣ್ಣು ಸುಮಾರು ತೊಂಬತ್ತು ಲೀಟರ್ ನೀರು ಹಿಡಿದುಕೊಂಡಿರುತ್ತದೆ. ಬೇರು ರಂಜಕವನ್ನು ಕುಡಿಯುವುದು ಈ ನೀರಿನಿಂದಲೇ. ನಮ್ಮಂಥ ಮಣ್ಣಿನಲ್ಲಿ ಆ ನೀರಿನಲ್ಲಿ ಕರಗಿರುವ ರಂಜಕ ಲೀಟರಿಗೆ 0.05 ಮಿಲಿಗ್ರಾಂ ಎಂದು ಹಿಡಿಯಿರಿ. ತೊಂಬತ್ತು ಲೀಟರಿಗೆ ನಾಲ್ಕೂವರೆ ಮಿಲಿಗ್ರಾಂ ಆಯಿತು. ಹಾಕಿದ್ದು ಹದಿನೇಳೂವರೆ ಸಾವಿರ ಮಿಲಿಗ್ರಾಂ, ಒಂದು ಹೊತ್ತಿನಲ್ಲಿ ನೀರಿನಲ್ಲಿ ಇರುವುದು ನಾಲ್ಕೂವರೆ.

ಹಾಗಾದರೆ ಮರ ಬದುಕುವುದು ಹೇಗೆ? ಬೇರು ಹೀರಿದ ಕೂಡಲೇ ಮಣ್ಣು ತನ್ನ ಕಣಗಳಿಂದ ಒಂದಿಷ್ಟು ರಂಜಕವನ್ನು ಮತ್ತೆ ನೀರಿಗೆ ಬಿಡುತ್ತದೆ. ಬಾವಿಯ ಒರತೆಯ ಹಾಗೆ. ಮರ ವರ್ಷಕ್ಕೆ ಐದು ಗ್ರಾಂ ಹೀರುತ್ತದೆ ಎಂದು ಊಹಿಸಿಕೊಂಡರೆ, ಆ ನಾಲ್ಕೂವರೆ ಮಿಲಿಗ್ರಾಂನ ಪಾತ್ರೆ ವರ್ಷದಲ್ಲಿ ಸಾವಿರದ ನೂರು ಸಲ, ಅಂದರೆ ದಿನಕ್ಕೆ ಮೂರು ಸಲ, ಬರಿದಾಗಿ ತುಂಬಬೇಕು. ಒರತೆ ಚುರುಕಾಗಿದ್ದರೆ ಬಾವಿಯಲ್ಲಿ ನೀರು ಕಡಿಮೆ ಕಂಡರೂ ಚಿಂತೆಯಿಲ್ಲ. ಒರತೆಯೇ ಕಟ್ಟಿಕೊಂಡರೆ ಸುತ್ತಲಿನ ನೆಲದಲ್ಲಿ ಎಷ್ಟು ನೀರಿದ್ದರೂ ಕೊಡ ತುಂಬುವುದಿಲ್ಲ. ಸ್ಥಿರೀಕರಣ ಎಂದರೆ ಒರತೆ ಕಟ್ಟುವುದು. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನದೆಲ್ಲ ಸಲೀಸು.

ಇದರ ಜೊತೆಗೆ ಇನ್ನೊಂದು ತೊಡಕಿದೆ. ರಂಜಕ ಮಣ್ಣಿನಲ್ಲಿ ನಡೆಯುವ ನಡಿಗೆ ತೀರಾ ನಿಧಾನ, ದಿನಕ್ಕೆ ಒಂದು ಮಿಲಿಮೀಟರ್ ಕೂಡ ಇಲ್ಲ. ಹಾಗಾಗಿ ಬೇರು ತನ್ನ ಪಕ್ಕದ ಒಂದೆರಡು ಮಿಲಿಮೀಟರ್ ಮಣ್ಣಿನಲ್ಲಿದ್ದದ್ದನ್ನು ಬೇಗ ಖಾಲಿ ಮಾಡಿಬಿಡುತ್ತದೆ. ಆಮೇಲೆ ಬೇರು ತಾನೇ ಮುಂದೆ ಬೆಳೆದು ಹೋಗಬೇಕು, ರಂಜಕ ಅದರ ಹತ್ತಿರ ಬರುವುದಿಲ್ಲ.

ಈಗ ನಮ್ಮ ಕೆಂಪು ಮಣ್ಣಿನ ಒಳಗೆ ಏನಾಗುತ್ತದೆ ನೋಡೋಣ. ಪ್ರಯೋಗಾಲಯಕ್ಕೆ ಬರುವ ರೈತರಿಗೆ ನಾನು ಒಂದು ಸಣ್ಣ ಪ್ರಯೋಗ ತೋರಿಸುತ್ತಿದ್ದೆ. ರಂಜಕ ಬೆರೆಸಿದ ನೀರಿಗೆ ಮಾಲಿಬ್ಡೇಟ್ ದ್ರಾವಣವನ್ನೂ ಸ್ವಲ್ಪ ಆಸ್ಕಾರ್ಬಿಕ್ ಆಮ್ಲವನ್ನೂ ಹಾಕಿದರೆ ಅದು ನೀಲಿಯಾಗುತ್ತದೆ. ರಂಜಕ ಹೆಚ್ಚಿದ್ದಷ್ಟೂ ನೀಲಿ ಗಾಢ. ಮಣ್ಣು ಪರೀಕ್ಷೆಯಲ್ಲಿ ರಂಜಕವನ್ನು ಅಳೆಯುವುದೇ ಈ ನೀಲಿಯ ಮೇಲೆ. ನಾನು ಒಂದೇ ಬಾಟಲಿಯ ರಂಜಕದ ನೀರನ್ನು ಎರಡು ಪಾಲು ಮಾಡಿ, ಒಂದಕ್ಕೆ ಏನೂ ಹಾಕದೆ, ಇನ್ನೊಂದಕ್ಕೆ ಎರಡು ಚಮಚ ಗುಡ್ಡದ ಕೆಂಪು ಮಣ್ಣು ಹಾಕಿ ಅರ್ಧ ಗಂಟೆ ಅಲುಗಿಸಿ ಸೋಸುತ್ತಿದ್ದೆ. ಆಮೇಲೆ ಎರಡಕ್ಕೂ ಬಣ್ಣದ ದ್ರಾವಣ ಹಾಕುವುದು. ಮೊದಲಿನ ನಳಿಕೆ ಶಂಖಪುಷ್ಪದಷ್ಟು ನೀಲಿ. ಎರಡನೆಯದನ್ನು ಬಿಳಿ ಕಾಗದದ ಎದುರು ಹಿಡಿದರೂ ನೀಲಿ ಇದೆಯೋ ಇಲ್ಲವೋ ಎಂದು ಕಣ್ಣು ಕಿರಿದು ಮಾಡಿ ನೋಡಬೇಕು. ಇಷ್ಟಕ್ಕೆ ಹಿಡಿದದ್ದು ಅರ್ಧ ಗಂಟೆ ಮಾತ್ರ.

ಆ ಮಣ್ಣಿಗೆ ಬಣ್ಣ ಕೊಟ್ಟಿರುವುದೇ ರಂಜಕವನ್ನು ಹಿಡಿದದ್ದು. ಲಕ್ಷಾಂತರ ವರ್ಷಗಳ ಮಳೆ ನಮ್ಮ ಗುಡ್ಡಗಳಿಂದ ಸುಣ್ಣ, ಮೆಗ್ನೀಷಿಯಂ, ಸಿಲಿಕಾಗಳನ್ನು ತೊಳೆದು ಸಮುದ್ರಕ್ಕೆ ಒಯ್ದಿದೆ. ಕರಗದೆ ಉಳಿದದ್ದು ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು. ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ವರದಿಯಲ್ಲಿ ಇಂಥ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್‌ನಲ್ಲಿ ಇಟ್ಟಿಗೆ ಎಂಬ ಅರ್ಥದ ಪದದಿಂದ ಅದನ್ನು ಮಾಡಿದ. ನಮ್ಮ ಜಂಬಿಟ್ಟಿಗೆಯಲ್ಲೂ ಇಟ್ಟಿಗೆಯೇ ಇದೆ ಎಂಬುದು ನನಗೆ ಯಾವಾಗಲೂ ಖುಷಿ ಕೊಡುವ ಸಂಗತಿ. ನೆಲದಿಂದ ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಆ ಕಲ್ಲಿನ ಬಲವೂ ಕಬ್ಬಿಣವೇ, ನಮ್ಮ ತೋಟದ ರಂಜಕವನ್ನು ಕಟ್ಟಿಹಾಕುವುದೂ ಅದೇ ಕಬ್ಬಿಣ.

ಈ ಆಕ್ಸೈಡುಗಳ ಕಣ ಎಷ್ಟು ಸಣ್ಣ ಎಂದರೆ, ಒಂದು ಗ್ರಾಂ ಕಣಗಳ ಮೈಯನ್ನೆಲ್ಲ ಬಿಡಿಸಿ ಹಾಸಿದರೆ ಹತ್ತಾರು ಚದರ ಮೀಟರ್ ಆದೀತು. ಮಣ್ಣು ಹುಳಿಯಾಗಿದ್ದಾಗ ಆ ಮೈಯ ಮೇಲೆ ಧನ ವಿದ್ಯುದಂಶ ಇರುತ್ತದೆ, ಮಣ್ಣಿನಲ್ಲಿ ರಂಜಕ ಇರುವ ರೂಪವಾದ ಫಾಸ್ಫೇಟಿನದು ಋಣ. ಎರಡೂ ಒಂದನ್ನೊಂದು ಎಳೆಯುತ್ತವೆ. ಅಷ್ಟಕ್ಕೇ ನಿಂತಿದ್ದರೆ ಬಿಡಿಸಿಕೊಳ್ಳುವುದು ಸುಲಭವಿತ್ತು. ಆದರೆ ಫಾಸ್ಫೇಟು ಕಬ್ಬಿಣಕ್ಕೆ ಅಂಟಿದ್ದ ಹೈಡ್ರಾಕ್ಸಿಲನ್ನು ತಳ್ಳಿ ತಾನೇ ಅಲ್ಲಿ ಕೂರುತ್ತದೆ, ಅನೇಕ ಸಲ ಅಕ್ಕಪಕ್ಕದ ಎರಡು ಕಬ್ಬಿಣದ ಪರಮಾಣುಗಳನ್ನು ಎರಡು ಕೈಯಲ್ಲಿ ಹಿಡಿದುಕೊಂಡು. ಇದು ಮೊದಲ ಕೆಲವು ಗಂಟೆಗಳ ಕೆಲಸ. ಎರಡನೆಯ ಹಂತ ನಿಧಾನದ್ದು, ವಾರ, ತಿಂಗಳು, ವರ್ಷಗಟ್ಟಲೆ ನಡೆಯುವಂಥದ್ದು. ಮೈಮೇಲೆ ಕೂತ ರಂಜಕ ಕಣದ ಬಿರುಕು ರಂಧ್ರಗಳ ಒಳಕ್ಕೆ ಇಳಿಯುತ್ತದೆ. ಕೆಲವೆಡೆ ಅದರ ಮೇಲೆ ಹೊಸ ಕಬ್ಬಿಣದ ಪದರವೂ ಕಟ್ಟಿಕೊಳ್ಳುತ್ತದೆ. ಹೀಗೆ ಒಳಗೆ ಸೇರಿದ್ದು ಒರತೆಗೆ ಬರುವುದು ಬಲು ಅಪರೂಪ. ಅದಕ್ಕೇ ಇಂದು ಹಾಕಿದ ರಂಜಕಕ್ಕೂ ಎರಡು ವರ್ಷ ಹಳೆಯ ರಂಜಕಕ್ಕೂ ಬೇರಿನ ಪಾಲಿಗೆ ಅಷ್ಟು ವ್ಯತ್ಯಾಸ.

ರಸಸಾರ 5.5ಕ್ಕಿಂತ ಕೆಳಗಿಳಿದರೆ ಮಣ್ಣಿನ ನೀರಿನಲ್ಲಿ ಅಲ್ಯೂಮಿನಿಯಂ ಕರಗಿ ಓಡಾಡತೊಡಗುತ್ತದೆ. ಅದು ಸಿಕ್ಕಿದ ಫಾಸ್ಫೇಟಿನ ಜೊತೆ ಕೂಡಿ ಕರಗದ ಲವಣವಾಗುತ್ತದೆ. ಅದಕ್ಕಿಂತ ಕೆಟ್ಟದ್ದು, ಬೇರಿನ ತುದಿಗೆ ವಿಷವಾಗಿ ಬೇರನ್ನು ಮೊಂಡಾಗಿಸುತ್ತದೆ. ರಂಜಕ ಬೇರಿನ ಹತ್ತಿರ ಬರುವುದಿಲ್ಲ ಎಂದೆನಲ್ಲ, ಇಲ್ಲಿ ಬೇರೂ ರಂಜಕದ ಹತ್ತಿರ ಹೋಗಲಾರದು.

ದೊಡ್ಡಪ್ಪನ ಹೊಸಮಣ್ಣಿಗೆ ಬರೋಣ. ತೋಟದ ಹಳೆಯ ಮೇಲ್ಮಣ್ಣು ಎಂದರೆ ತಲೆಮಾರುಗಳಿಂದ ಸೊಪ್ಪು, ಗೊಬ್ಬರ, ಬೂದಿ ತಿಂದ ಮಣ್ಣು. ಅದರ ಕಬ್ಬಿಣದ ಮೈಯಲ್ಲಿ ರಂಜಕ ಕೂರುವ ಜಾಗಗಳು ಎಷ್ಟೋ ಆಗಲೇ ಭರ್ತಿಯಾಗಿರುತ್ತವೆ, ಇನ್ನೆಷ್ಟನ್ನೋ ಸೊಪ್ಪಿನ ಕಳಿತದಿಂದ ಬಂದ ಸಾವಯವ ಆಮ್ಲಗಳು ಹಿಡಿದುಕೊಂಡಿರುತ್ತವೆ. ಹಾಗಾಗಿ ಅಲ್ಲಿ ಹಾಕಿದ ರಂಜಕಕ್ಕೆ ಅಂಟಿಕೊಳ್ಳಲು ಖಾಲಿ ಜಾಗ ಕಡಿಮೆ, ಒರತೆ ಚುರುಕು. ದರೆಯ ಆಳದಿಂದ ತಂದ ಕೆಂಪು ಮಣ್ಣು ಹಾಗಲ್ಲ. ಅದು ಗೊಬ್ಬರವನ್ನೇ ಕಂಡಿಲ್ಲ, ಸಾವಯವ ಅಂಶ ಇಲ್ಲವೆನ್ನುವಷ್ಟು ಕಡಿಮೆ, ಒಂದೊಂದು ಕಣವೂ ಹಸಿದಿರುತ್ತದೆ.

ಲೆಕ್ಕ ಹಾಕಿ ನೋಡಿ. ಎರಡು ಅಂಗುಲ ದಪ್ಪದ ಆ ಪದರ ಒಂದು ಮರದ ಬುಡದಲ್ಲಿ ಸುಮಾರು ಒಂದು ಕ್ವಿಂಟಲ್ ಇರುತ್ತದೆ. 200 ಗ್ರಾಂ ಡಿಎಪಿಯಲ್ಲಿ ಅಪ್ಪಟ ರಂಜಕ ನಲವತ್ತು ಗ್ರಾಂ. ಕಿಲೋ ಮಣ್ಣಿಗೆ ನಾನೂರು ಮಿಲಿಗ್ರಾಂ ಆಯಿತು. ಆಕ್ಸೈಡು ತುಂಬಿದ ಲ್ಯಾಟರೈಟ್ ಮಣ್ಣು ಕಿಲೋಗೆ ನೂರಾರು ಮಿಲಿಗ್ರಾಂ ರಂಜಕವನ್ನು ಸುಲಭವಾಗಿ ನುಂಗಬಲ್ಲದು. ಅಂದರೆ ಒಂದು ವರ್ಷದ ಡಿಎಪಿಯ ಬಹುಪಾಲನ್ನು ನುಂಗಿ ಹಾಕಲು ಆ ಎರಡು ಅಂಗುಲದ ಪದರವೇ ಸಾಕಿತ್ತು. ಕೆಳಗಿನ ಹಳೆಯ ಮಣ್ಣಿನಲ್ಲಿದ್ದ ಬೇರಿನವರೆಗೆ ಅದು ಇಳಿಯುವ ಪ್ರಶ್ನೆಯೇ ಬರಲಿಲ್ಲ. ದೊಡ್ಡಪ್ಪ ಮರಕ್ಕೆಂದು ಹಾಕಿದ್ದನ್ನು ಹೊಸಮಣ್ಣು ಉಂಡಿತು. ನಾನು ಮಾದರಿ ತೆಗೆದದ್ದೂ ಬಹುತೇಕ ಅದೇ ಪದರದಿಂದ, ಹಾಗಾಗಿ 'ಕಡಿಮೆ' ಬಂತು. ಆಮೇಲೆ ಆ ಪದರ ಕೆರೆದು ಕೆಳಗಿನ ಕಪ್ಪು ಮಣ್ಣನ್ನು ಬೇರೆಯಾಗಿ ಪರೀಕ್ಷೆ ಮಾಡಿಸಿದರೆ ಅದು 'ಮಧ್ಯಮ' ಇತ್ತು. ಡಿಎಪಿ ಇನ್ನೊಂದು ಉಪಕಾರವನ್ನೂ ಮಾಡಲಿಲ್ಲ. ಅದರ ಕಾಳಿನ ಸುತ್ತ ಮೊದಲು ರಸಸಾರ ಎಂಟರ ಹತ್ತಿರಕ್ಕೆ ಏರುತ್ತದೆ ನಿಜ, ಆದರೆ ಅದರಲ್ಲಿರುವ ಅಮೋನಿಯಂ ನೈಟ್ರೇಟ್ ಆಗುವಾಗ ಆಮ್ಲ ಬಿಟ್ಟು ಮಣ್ಣನ್ನು ಮೊದಲಿಗಿಂತ ಹುಳಿ ಮಾಡಿ ಹೋಗುತ್ತದೆ.

ಕೆಲವರು ಸೂಪರ್ ಫಾಸ್ಫೇಟ್ ಹಾಕಿದ ಮೂರು ವಾರದ ಮೇಲೆ ಮಣ್ಣು ಕೆದಕಿ, ಕಾಳು ಹಾಗೇ ಇದೆ, ಗೊಬ್ಬರ ಕರಗಿಯೇ ಇಲ್ಲ, ಕಲಬೆರಕೆ ಎಂದು ದೂರುತ್ತಾರೆ. ಆ ಕಾಳನ್ನು ಬೆರಳಲ್ಲಿ ಒತ್ತಿ ನೋಡಿ, ಬೂದು ಹಿಟ್ಟಿನಂತೆ ಪುಡಿಯಾಗುತ್ತದೆ. ಅದು ಜಿಪ್ಸಂ ಮತ್ತು ಸ್ವಲ್ಪ ಡೈಕ್ಯಾಲ್ಸಿಯಂ ಫಾಸ್ಫೇಟಿನ ಬರೀ ಚಿಪ್ಪು. ಮಣ್ಣಿನ ತೇವ ಹೀರಿದ ಕಾಳಿನಿಂದ ಹೆಚ್ಚಿನ ರಂಜಕ ಮೊದಲ ದಿನಗಳಲ್ಲೇ ಹೊರಗೆ ಹರಿದಿರುತ್ತದೆ, ಅದೂ ರಸಸಾರ 1.5ರಷ್ಟು ತೀಕ್ಷ್ಣ ಆಮ್ಲದ ರೂಪದಲ್ಲಿ. ಆ ಆಮ್ಲ ಸುತ್ತಲಿನ ಕಬ್ಬಿಣ, ಅಲ್ಯೂಮಿನಿಯಂಗಳನ್ನು ಕರಗಿಸಿ, ಅವುಗಳ ಜೊತೆಗೇ ಸೇರಿ ಗಟ್ಟಿಯಾಗುತ್ತದೆ. ಇಷ್ಟೆಲ್ಲ ನಡೆಯುವುದು ಕಾಳಿನಿಂದ ಎರಡು ಮೂರು ಸೆಂಟಿಮೀಟರ್ ಒಳಗೆ. ಕರಗುವುದರಲ್ಲಿ ಗೊಬ್ಬರಕ್ಕೆ ತೊಂದರೆ ಇರಲಿಲ್ಲ, ಕರಗಿ ಮುಂದೆ ಹೋಗುವುದೇ ಆಗದ್ದು.

ಘಟ್ಟದ ಈಚೆಯ ಕಥೆ ಇದಾದರೆ, ಹುಬ್ಬಳ್ಳಿ ದಾಟಿ ನವಲಗುಂದದ ಕಡೆ ಹೋದರೆ ಎಲ್ಲವೂ ತಿರುಗಾಮುರುಗಾ. ನನ್ನ ಜೊತೆ ಓದಿದ ಒಬ್ಬನ ಎರೆ ಹೊಲ ಅಲ್ಲಿದೆ. ರಸಸಾರ 8.4. ಕಪ್ಪು ಹೆಂಟೆ ಒಡೆದರೆ ಒಳಗೆ ಬಿಳಿ ಸುಣ್ಣದ ಹರಳು, ಅದರ ಮೇಲೆ ಆಮ್ಲದ ಹನಿ ಬಿಟ್ಟರೆ ಬುರುಬುರು ನೊರೆ. ಅಲ್ಲಿ ರಂಜಕವನ್ನು ಹಿಡಿಯುವುದು ಕ್ಯಾಲ್ಸಿಯಂ. ಮೊದಲು ಸುಣ್ಣದ ಮೈಗೆ ಅಂಟುತ್ತದೆ, ಆಮೇಲೆ ಡೈಕ್ಯಾಲ್ಸಿಯಂ ಫಾಸ್ಫೇಟ್ ಆಗುತ್ತದೆ, ಅದರಿಂದ ಆಕ್ಟಾಕ್ಯಾಲ್ಸಿಯಂ, ಕಾಲಾಂತರದಲ್ಲಿ ಅಪಟೈಟ್. ಒಂದೊಂದು ಮೆಟ್ಟಿಲಿಗೂ ಕರಗುವ ಗುಣ ಕಡಿಮೆಯಾಗುತ್ತ ಹೋಗುತ್ತದೆ. ಕೊನೆಯ ಮೆಟ್ಟಿಲಾದ ಅಪಟೈಟ್ ನಮ್ಮ ಹಲ್ಲು ಮೂಳೆಗಳ ಖನಿಜದ ಜಾತಿಯದು. ಗೊಬ್ಬರ ಕಾರ್ಖಾನೆಗೆ ಬರುವ ರಂಜಕದ ಕಲ್ಲೂ ಅದೇ ಅಪಟೈಟ್. ಆ ಕಲ್ಲು ಹಾಗೇ ಹಾಕಿದರೆ ಕರಗುವುದಿಲ್ಲ ಎಂದೇ ಅದಕ್ಕೆ ಗಂಧಕಾಮ್ಲ ಹಾಕಿ ಸೂಪರ್ ಫಾಸ್ಫೇಟ್ ಮಾಡುವ ಪದ್ಧತಿಗೆ ಇಂಗ್ಲೆಂಡಿನ ಜಾನ್ ಬೆನೆಟ್ ಲಾಸ್ 1842ರಲ್ಲಿ ಪೇಟೆಂಟ್ ಪಡೆದದ್ದು. ಗಣಿ ತೋಡಿ, ಆಮ್ಲ ಸುರಿದು, ಹಡಗಿನಲ್ಲಿ ತಂದು ನಾವು ಕರಗುವಂತೆ ಮಾಡಿದ್ದನ್ನು ಸುಣ್ಣದ ಮಣ್ಣು ನಿಧಾನವಾಗಿ ಮತ್ತೆ ಕಲ್ಲಿನ ದಾರಿಗೆ ತಿರುಗಿಸುತ್ತದೆ. ಇದನ್ನು ಯೋಚಿಸಿದಾಗೆಲ್ಲ ನನಗೆ ಸಂಕಟವಾಗುತ್ತದೆ.

ಹುಳಿ ಹೆಚ್ಚಾದರೆ ಕಬ್ಬಿಣ, ಅಲ್ಯೂಮಿನಿಯಂ. ಕ್ಷಾರ ಹೆಚ್ಚಾದರೆ ಕ್ಯಾಲ್ಸಿಯಂ. ನಡುವೆ ರಸಸಾರ ಆರರಿಂದ ಏಳರ ಕಿರಿದಾದ ಓಣಿಯಲ್ಲಿ ರಂಜಕ ಸ್ವಲ್ಪ ಉಸಿರಾಡುತ್ತದೆ. ಮಣ್ಣು ಪರೀಕ್ಷೆ ಮಾಡಿಸುವವರು ಇಲ್ಲೊಂದು ವಿಷಯ ಕೇಳಿ ತಿಳಿದುಕೊಳ್ಳಬೇಕು. ಹುಳಿ ಮಣ್ಣಿಗೆ ಬ್ರೇ ವಿಧಾನ, ಅದರಲ್ಲಿರುವ ಫ್ಲೋರೈಡ್ ಅಲ್ಯೂಮಿನಿಯಂ ಅನ್ನು ತಾನು ಹಿಡಿದು ರಂಜಕವನ್ನು ಬಿಡಿಸುತ್ತದೆ. ಕ್ಷಾರದ ಮಣ್ಣಿಗೆ ಓಲ್ಸೆನ್ ವಿಧಾನ, ಅದರ ಬೈಕಾರ್ಬೊನೇಟ್ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ಎರೆ ಮಣ್ಣಿಗೆ ಬ್ರೇ ಬಳಸಿದರೆ ಅದರ ಸೌಮ್ಯ ಆಮ್ಲವನ್ನು ಸುಣ್ಣವೇ ಕೊಂದುಹಾಕಿ ಸುಳ್ಳು ಅಂಕಿ ಬರುತ್ತದೆ. ವರದಿಯಲ್ಲಿ ಯಾವ ವಿಧಾನ ಎಂದು ಬರೆಯದಿದ್ದರೆ ಕೇಳಿ. ಒಂದು ವಿಧಾನದ ಅಂಕಿಯನ್ನು ಇನ್ನೊಂದರ ಜೊತೆ ಹೋಲಿಸಬೇಡಿ.

ಹಾಗಾದರೆ ಹಾಕಿದ್ದು ನಷ್ಟವೇ? ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಶೇಕಡಾ 10, 20 ಎಂಬ ಲೆಕ್ಕ ಆ ಒಂದು ವರ್ಷದ್ದು. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ ಒಂದು ಹೊಲಕ್ಕೆ 1856ರಿಂದ 1901ರವರೆಗೆ ಗೊಬ್ಬರ ಹಾಕಿ ನಿಲ್ಲಿಸಿದರು. ಉಳಿದ ರಂಜಕದ ಫಲ ಮುಂದಿನ ಹಲವು ದಶಕಗಳ ಬೆಳೆಯಲ್ಲಿ ಕಂಡಿತು. ನಮ್ಮ ಲ್ಯಾಟರೈಟ್ ಅಲ್ಲಿನ ಮಣ್ಣಿಗಿಂತ ಬಹಳ ಬಿಗಿ, ಅಷ್ಟು ಉದಾರವಾಗಿ ವಾಪಸ್ ಕೊಡುವುದಿಲ್ಲ. ಆದರೂ ಖಾಲಿ ಜಾಗಗಳು ತುಂಬುತ್ತ ಬಂದ ಹಾಗೆ ಹೊಸದಾಗಿ ಹಾಕಿದ್ದರಲ್ಲಿ ಬೇರಿಗೆ ಸಿಗುವ ಪಾಲು ಏರುತ್ತದೆ. ದೊಡ್ಡಪ್ಪನ ಹಳೆಯ ಕಪ್ಪು ಮಣ್ಣು ಇದಕ್ಕೆ ಸಾಕ್ಷಿ. ನಿಜವಾದ ನಷ್ಟ ಎಂದರೆ ಮಣ್ಣೇ ಕೊಚ್ಚಿ ಹೋಗುವುದು. ಆಷಾಢದಲ್ಲಿ ಅಘನಾಶಿನಿ ಕೆಂಪಾಗಿ ಹರಿಯುವಾಗ ಆ ಕೆಂಪಿನ ಕಣಕಣಕ್ಕೂ ರಂಜಕ ಅಂಟಿರುತ್ತದೆ. ಅದು ಮರಳಿ ಬರುವುದಿಲ್ಲ.

ಬಿಗಿದ ಗಂಟು ತಾನಾಗಿ ಸಡಿಲಾಗುವ ಒಂದು ಜಾಗವೂ ನಮ್ಮಲ್ಲಿದೆ, ಭತ್ತದ ಗದ್ದೆ. ನೀರು ನಿಂತು ಗಾಳಿ ಇಲ್ಲದಾದಾಗ ಸೂಕ್ಷ್ಮಜೀವಿಗಳು ಕೆಂಪು ಕಬ್ಬಿಣವನ್ನು ಕರಗುವ ರೂಪಕ್ಕೆ ತರುತ್ತವೆ, ಅದು ಹಿಡಿದಿದ್ದ ರಂಜಕ ಬಿಡುಗಡೆಯಾಗುತ್ತದೆ. ಅದಕ್ಕೇ ಮಳೆಗಾಲದ ಭತ್ತ ರಂಜಕ ಹಾಕದಿದ್ದರೂ ತಕ್ಕಮಟ್ಟಿಗೆ ಬರುತ್ತದೆ. ಅದೇ ಗದ್ದೆಯ ನೀರು ಬಸಿದು ಬೇಸಿಗೆಯಲ್ಲಿ ಶೇಂಗಾ ಹಾಕಿದರೆ ಕಬ್ಬಿಣ ಮತ್ತೆ ತುಕ್ಕಾಗಿ, ಮೊದಲಿಗಿಂತ ಸಣ್ಣ ಕಣಗಳ ಹೊಸ ಮೈಯಿಂದ ರಂಜಕವನ್ನು ಹಿಡಿಯುತ್ತದೆ. ಗದ್ದೆಯಲ್ಲಿ ರಂಜಕದ ಗೊಬ್ಬರವನ್ನು ಈ ಎರಡನೆಯ ಬೆಳೆಗೆ ಕೊಡುವುದೇ ಸರಿ.

ದೊಡ್ಡಪ್ಪನ ತೋಟದಲ್ಲಿ ನಾವು ಮಾಡಿದ್ದು ಹೀಗೆ. ಡಿಎಪಿ ನಿಲ್ಲಿಸಿ ಮರಕ್ಕೆ 200 ಗ್ರಾಂ ಶಿಲಾರಂಜಕ ಹಿಡಿದೆವು. ಅದರಲ್ಲಿ ಸುಮಾರು ಶೇಕಡಾ 20 P₂O₅ ಇರುವುದರಿಂದ 40 ಗ್ರಾಂ ಲೆಕ್ಕ ಸರಿಹೋಗುತ್ತದೆ. ಅದೇ ಕರಗದ ಅಪಟೈಟ್ ಕಲ್ಲಿನ ಪುಡಿ ಅದು. ಆದರೆ ನಮ್ಮ ಮಣ್ಣಿನ ಹುಳಿಯೇ ಇಲ್ಲಿ ಕಾರ್ಖಾನೆಯ ಆಮ್ಲದ ಕೆಲಸ ಮಾಡುತ್ತದೆ. ಮಳೆಯೂ ಇದೆ, ಮಣ್ಣಿನಲ್ಲಿ ಕ್ಯಾಲ್ಸಿಯಂ ಕೊರತೆಯೂ ಇದೆ, ಎರಡೂ ಅದು ಕರಗಲು ಅನುಕೂಲ. ಅಡಿಕೆ ಹತ್ತಾರು ವರ್ಷದ ಬೆಳೆ, ನಿಧಾನವಾಗಿ ಸಿಕ್ಕರೂ ಕಾಯುತ್ತದೆ. ನವಲಗುಂದದ ಗೆಳೆಯ ಇದೇ ಪುಡಿ ಹಾಕಿದರೆ ಮಣ್ಣಿಗೆ ಕಲ್ಲು ಹಾಕಿದ ಹಾಗೆ ಅಷ್ಟೇ. ಅವನಿಗೆ ಡಿಎಪಿಯೇ ಬೇಕು, ಅದೂ ಎರಚದೆ ಕೂರಿಗೆಯಲ್ಲಿ ಬೀಜದ ಪಕ್ಕದ ಸಾಲಿಗೆ. ಹಾಕುವ ರೀತಿಯೂ ಉಲ್ಟಾ ಎಂಬುದನ್ನು ಗಮನಿಸಿ. ಕರಗುವ ಗೊಬ್ಬರ ಮಣ್ಣಿಗೆ ಆದಷ್ಟು ಕಡಿಮೆ ತಾಗಬೇಕು, ಹಾಗಾಗಿ ಕಾಳಾಗಿ, ಒಂದೇ ಸಾಲಿನಲ್ಲಿ. ಶಿಲಾರಂಜಕ ಹುಳಿ ಮಣ್ಣಿಗೆ ಆದಷ್ಟು ಹೆಚ್ಚು ತಾಗಬೇಕು, ಹಾಗಾಗಿ ನುಣ್ಣನೆ ಪುಡಿಯಾಗಿ, ಹರಡಿ, ಬೆರೆಸಿ.

ನಾನೇ ಇಲ್ಲಿ ಒಂದು ತಪ್ಪು ಮಾಡಿದೆ. ಮೊದಲ ವರ್ಷ, ಹೇಗೂ ಆಳು ಸಿಕ್ಕಿದ್ದಾರೆ ಎಂದು, ಮರಕ್ಕೆ ಅರ್ಧ ಕಿಲೋ ಸುಣ್ಣವನ್ನೂ ಶಿಲಾರಂಜಕವನ್ನೂ ಒಂದೇ ದಿನ ಹಾಕಿಸಿದೆ. ಸುಣ್ಣ ಹುಳಿಯನ್ನು ಇಳಿಸುವುದಲ್ಲದೆ ಕ್ಯಾಲ್ಸಿಯಂ ಅನ್ನೂ ತುಂಬುತ್ತದೆ. ಶಿಲಾರಂಜಕ ಕರಗಲು ಬೇಕಾದ ಎರಡನ್ನೂ ನಾನೇ ಕಿತ್ತುಕೊಂಡ ಹಾಗಾಯಿತು. ಮರುವರ್ಷ ಬುಡ ಬಿಡಿಸಿದಾಗ ಬೂದು ಪುಡಿ ಅಲ್ಲಲ್ಲಿ ಗೆರೆಗೆರೆಯಾಗಿ ಹಾಗೇ ಕಾಣುತ್ತಿತ್ತು. ಈಗ ಶಿಲಾರಂಜಕ ಮಳೆಗಾಲದ ಮೊದಲು, ಸುಣ್ಣ ಎರಡು ಮೂರು ವರ್ಷಕ್ಕೊಮ್ಮೆ ಮಾತ್ರ, ಅದೂ ಮಳೆಗಾಲ ಮುಗಿದ ಮೇಲೆ. ರಸಸಾರವನ್ನು 5.5ರ ಮೇಲೆ ತಂದರೆ ಸಾಕು, ಅಲ್ಯೂಮಿನಿಯಂ ಅಡಗುತ್ತದೆ. ಏಳಕ್ಕೆ ಏರಿಸುವ ಹಟ ಬೇಡ.

ಎಲ್ಲಕ್ಕಿಂತ ಹೆಚ್ಚು ಗುಣ ಕಂಡದ್ದು ಮಾತ್ರ ಹಳೆಯ ಕ್ರಮದಿಂದಲೇ, ಮರಕ್ಕೆ ಹನ್ನೆರಡು ಕಿಲೋ ಸೊಪ್ಪು, ಹನ್ನೆರಡು ಕಿಲೋ ಗೊಬ್ಬರ. ಅದರಲ್ಲೂ ಒಂದಿಷ್ಟು ರಂಜಕ ಇದೆ. ಆದರೆ ಅದರ ಮುಖ್ಯ ಕೆಲಸ ಬೇರೆ: ಕೊಳೆಯುವಾಗ ಹುಟ್ಟುವ ಸಿಟ್ರೇಟ್, ಆಕ್ಸಲೇಟ್‌ನಂಥ ಆಮ್ಲಗಳು ಕಬ್ಬಿಣದ ಮೈಯಲ್ಲಿ ಫಾಸ್ಫೇಟಿನ ಜಾಗಕ್ಕೆ ತಾವು ಕೂರುತ್ತವೆ, ಅಲ್ಯೂಮಿನಿಯಂ ಅನ್ನು ಸುತ್ತಿಕೊಳ್ಳುತ್ತವೆ. ರಂಜಕ ಕರಗಿಸುವ ಬ್ಯಾಕ್ಟೀರಿಯಾ ಪೊಟ್ಟಣ ತಂದು ಹಾಕಬಹುದೇ ಎಂದು ಬಹಳ ಜನ ಕೇಳುತ್ತಾರೆ. ಸೊಪ್ಪು ಗೊಬ್ಬರ ಇರುವಲ್ಲಿ ಅಂಥ ಜೀವಿಗಳು ಈಗಾಗಲೇ ಇವೆ, ಇಲ್ಲದಲ್ಲಿ ಪೊಟ್ಟಣದವು ತಿನ್ನಲು ಏನೂ ಇಲ್ಲದೆ ಸಾಯುತ್ತವೆ. ಒಂದು ಕಡೆ ಫಲ ಕೊಟ್ಟದ್ದು ಇನ್ನೊಂದು ಕಡೆ ಕೊಡುವುದಿಲ್ಲ. ಅದನ್ನು ನಂಬಿ ಸೊಪ್ಪು ಬಿಡಬೇಡಿ ಎಂದಷ್ಟೇ ನಾನು ಹೇಳುವುದು.

ಕಳೆದ ಬೇಸಿಗೆಯಲ್ಲಿ ಕೆಳಗಿನ ತೋಟದ ಒಂದು ಮಗ್ಗುಲಿಗೆ ಮತ್ತೆ ಹೊಸಮಣ್ಣು ಬೇಕಾಯಿತು. ಈ ಸಲ ದೊಡ್ಡಪ್ಪ ದರೆಯ ಮಣ್ಣನ್ನು ನೇರವಾಗಿ ಬುಡಕ್ಕೆ ಬಿಡಲಿಲ್ಲ. ಹಿಂದಿನ ವರ್ಷದ ಮಳೆಗಾಲಕ್ಕೆ ಮೊದಲೇ ಕಡಿಸಿ, ಕೊಟ್ಟಿಗೆ ಗೊಬ್ಬರ, ಶಿಲಾರಂಜಕದ ಜೊತೆ ಪದರ ಪದರವಾಗಿ ರಾಶಿ ಹಾಕಿ, ಮೇಲೆ ಸೋಗೆ ಮುಚ್ಚಿ ಒಂದು ವರ್ಷ ಬಿಟ್ಟಿದ್ದರು. ಹಸಿದ ಮಣ್ಣು ತಿನ್ನುವುದನ್ನೆಲ್ಲ ರಾಶಿಯಲ್ಲೇ ತಿಂದು ಬರಲಿ ಎಂಬುದು ಅವರದೇ ಉಪಾಯ, ನಾನು ಹೇಳಿಕೊಟ್ಟದ್ದಲ್ಲ. ದೀಪಾವಳಿಗೆ ಹೋದಾಗ ಆ ಮಗ್ಗುಲಿನಲ್ಲಿ ಕೂತು ಸೊಪ್ಪು ಸರಿಸಿ ತೋರಿಸಿದರು. ಮಣ್ಣು ಕೆಂಪು ಬಿಟ್ಟು ಕಂದಾಗಿತ್ತು. ಅದರೊಳಗೆ ದಾರದಷ್ಟು ಸಣ್ಣ ಬಿಳಿ ಬೇರುಗಳು ಆಗಲೇ ಮೇಲಕ್ಕೆ ಹತ್ತಿ ಬಂದಿದ್ದವು.